ರಾಣಿಯಿಲ್ಲದ ಪೆಟ್ಟಿಗೆಯಲ್ಲಿ ಕೆಲಸಗಾರ ಜೇನುಗಳು ಮೊಟ್ಟೆ ಇಡುತ್ತಿವೆ. ಹಾಗಾದರೆ ಇಷ್ಟು ದಿನ ಏಕೆ ಇಡಲಿಲ್ಲ?

ಬನಶಂಕರಿ ತಾರಸಿ

ಬನಶಂಕರಿಯ ನಮ್ಮ ಮನೆಯ ತಾರಸಿಯ ಮೇಲೆ ಮೂರು ವರ್ಷಗಳಿಂದ ಒಂದು ತುಡುವೆ ಜೇನಿನ ಪೆಟ್ಟಿಗೆ ಇದೆ. ಎರಡು ತಿಂಗಳ ಹಿಂದೆ ಕುಟುಂಬ ಪಾಲಾಗಿ, ಹಳೆಯ ರಾಣಿ ಅರ್ಧದಷ್ಟು ನೊಣಗಳೊಂದಿಗೆ ಹಾರಿಹೋಯಿತು. ಉಳಿದವು ಬೆಳೆಸಿದ್ದ ಹೊಸ ರಾಣಿ ತನ್ನ ಕೋಶವನ್ನು ಕೊರೆದು ಹೊರಬಂದದ್ದನ್ನು ಕಂಡಿದ್ದೇನೆ. ಆದರೆ ಮಿಲನಕ್ಕೆಂದು ಹಾರಿದ್ದು ಮರಳಿ ಬಂದಂತೆ ತೋರುವುದಿಲ್ಲ. ಯಾವುದೋ ಹಕ್ಕಿಯ ಬಾಯಿಗೆ ಸಿಕ್ಕಿರಬೇಕು.

ಕಳೆದ ಭಾನುವಾರ ಮುಚ್ಚಳ ತೆಗೆದು ಎರಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ರಾಣಿ ಇದ್ದಾಗ ಪ್ರತಿ ಕೋಶದ ತಳದ ನಡುವೆ ಒಂದೇ ಮೊಟ್ಟೆ ಸೂಜಿಯಂತೆ ನೆಟ್ಟಗೆ ನಿಂತಿರುತ್ತಿತ್ತು. ಈಗ ಒಂದೊಂದು ಕೋಶದಲ್ಲಿ ಮೂರು ನಾಲ್ಕು ಮೊಟ್ಟೆಗಳಿವೆ, ಅವೂ ತಳದಲ್ಲಲ್ಲ, ಪಕ್ಕದ ಗೋಡೆಗೆ ಅಡ್ಡಾದಿಡ್ಡಿಯಾಗಿ ಅಂಟಿಕೊಂಡಿವೆ. ಕೆಲಸಗಾರ ನೊಣಗಳಿಗೆಂದು ಕಟ್ಟಿದ ಸಣ್ಣ ಕೋಶಗಳ ಮೇಲೆ ಅಲ್ಲಲ್ಲಿ ಉಬ್ಬಿದ ಮುಚ್ಚಳಗಳಿದ್ದು, ಪ್ರತಿಯೊಂದರ ತುದಿಯಲ್ಲೂ ಸೂಜಿಮೊನೆಯಷ್ಟು ರಂಧ್ರ ಕಾಣುತ್ತದೆ. ತುಡುವೆಯಲ್ಲಿ ಇದು ಗಂಡುನೊಣದ ಗುರುತೆಂದು ಜೇನು ಸಾಕುವವರೆಲ್ಲ ಬಲ್ಲರು.

ನನ್ನ ಪ್ರಶ್ನೆ ಪೆಟ್ಟಿಗೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಲ್ಲ, ಅದಕ್ಕೆ ದಾರಿಗಳಿವೆ. ಅಕ್ಕತಂಗಿಯರು ಸ್ವಂತ ಮಕ್ಕಳಿಗಿಂತ ಹತ್ತಿರದ ನೆಂಟರಾದ್ದರಿಂದ ಕೆಲಸಗಾರ ಜೇನುಗಳು ಸಂತಾನವನ್ನು ಬಿಟ್ಟುಕೊಡುತ್ತವೆ ಎಂದು ಓದಿದ್ದೆ. ಆದರೆ ಈ ನೊಣಗಳು ರಾಣಿ ಇದ್ದಾಗಲೂ ಅಕ್ಕತಂಗಿಯರೇ, ಹೋದ ಮೇಲೂ ಅಕ್ಕತಂಗಿಯರೇ. ನೆಂಟಸ್ತನ ಬದಲಾಗದಿದ್ದರೆ ನಡತೆ ಬದಲಾದದ್ದು ಏಕೆ?

ಎರಡನೇ ವರ್ಷದ ಬಿ.ಎಸ್ಸಿ.

ಸರ್, ಮೊದಲು ಲೆಕ್ಕವನ್ನು ಹೇಳುತ್ತೇನೆ. ಗಂಡುನೊಣ ಫಲಗೊಳ್ಳದ ಮೊಟ್ಟೆಯಿಂದ ಹುಟ್ಟುವುದರಿಂದ ಅದರಲ್ಲಿ ತಾಯಿಯಿಂದ ಬಂದ ಒಂದೇ ಪ್ರತಿ ವಂಶವಾಹಿಗಳಿರುತ್ತವೆ. ಅದು ತಂದೆಯಾದಾಗ ಎಲ್ಲ ಹೆಣ್ಣುಮಕ್ಕಳಿಗೂ ತನ್ನಲ್ಲಿರುವುದನ್ನು ಇಡಿಯಾಗಿ ಕೊಡುತ್ತದೆ. ಹಾಗಾಗಿ ಅಕ್ಕತಂಗಿಯರು ತಂದೆಯ ಕಡೆಯಿಂದ ತದ್ರೂಪಿಗಳು, ತಾಯಿಯ ಕಡೆಯಿಂದ ಅರ್ಧ ಹೋಲುವವರು, ಒಟ್ಟು ಮುಕ್ಕಾಲು. ಸ್ವಂತ ಮಗಳೊಂದಿಗಿನ ನೆಂಟಸ್ತನ ಅರ್ಧ ಮಾತ್ರ. ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ಲಾಭ. ಕೆಲಸಗಾರ ಜೇನುಗಳು ಬಂಜೆಯಾಗಿರುವುದು ಇದರಿಂದಲೇ. ನಿಮ್ಮ ಪೆಟ್ಟಿಗೆಯಲ್ಲಿ ಮೊಟ್ಟೆ ಇದೆಯೆಂದರೆ ಬೇರೆ ಗೂಡಿನ ರಾಣಿ ಹೊಕ್ಕಿರಬೇಕು.

ಹೆಬ್ಬಾಳದ ಕೀಟಶಾಸ್ತ್ರ

ಬೇರೆ ರಾಣಿ ಹೊಕ್ಕಿಲ್ಲ. ರಾಣಿಯ ಉದರ ಉದ್ದವಾದ್ದರಿಂದ ಮೊಟ್ಟೆ ತಳ ಮುಟ್ಟುತ್ತದೆ. ಕೆಲಸಗಾರ ನೊಣದ ಉದರ ಗಿಡ್ಡವಾದ್ದರಿಂದ ಗೋಡೆಗೆ ಅಂಟುತ್ತದೆ. ಒಂದೇ ಕೋಶಕ್ಕೆ ಹಲವು ನೊಣಗಳು ಇಟ್ಟಿರುವುದರಿಂದ ಸಂಖ್ಯೆಯೂ ಹೆಚ್ಚು. ಕೆಲಸಗಾರ ಜೇನಿಗೆ ಅಂಡಾಶಯವಿದೆ, ಸಣ್ಣದಾಗಿ ಮುದುಡಿಕೊಂಡಿರುತ್ತದೆ ಅಷ್ಟೇ. ಅದು ಗಂಡಿನೊಂದಿಗೆ ಕೂಡುವುದಿಲ್ಲವಾದ್ದರಿಂದ ಇಡುವ ಮೊಟ್ಟೆಗಳೆಲ್ಲ ಫಲಗೊಳ್ಳದವು, ಹುಟ್ಟುವುದೆಲ್ಲ ಗಂಡು. ತಾರಸಿಯವರು ಕಂಡ ರಂಧ್ರದ ಮುಚ್ಚಳಗಳು ಅದನ್ನೇ ಹೇಳುತ್ತಿವೆ. ರಾಣಿ ಇಲ್ಲವಾದಾಗ ನಮ್ಮ ತುಡುವೆ ಯೂರೋಪಿನ ಜೇನಿಗಿಂತ ಬೇಗ ಈ ಹಂತಕ್ಕೆ ಬಂದುಬಿಡುತ್ತದೆ.

ಇನ್ನು ಆ ಮುಕ್ಕಾಲಿನ ಮಾತು. ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಅದನ್ನೇ ಹೇಳಿದವಳಾದ್ದರಿಂದ ಸ್ವಲ್ಪ ನಿಧಾನವಾಗಿ ಬಿಡಿಸುತ್ತೇನೆ. ಕೆಲಸಗಾರ ನೊಣ ಸಾಕುವುದು ತಂಗಿಯರನ್ನು ಮಾತ್ರವಲ್ಲ, ತಮ್ಮಂದಿರನ್ನೂ. ತಮ್ಮನಿಗೆ ತಂದೆಯಿಲ್ಲದ್ದರಿಂದ ಅಕ್ಕನಿಗೆ ಅವನೊಂದಿಗಿರುವ ನೆಂಟಸ್ತನ ಕಾಲು ಭಾಗ ಮಾತ್ರ. ಒಬ್ಬ ತಂಗಿ, ಒಬ್ಬ ತಮ್ಮ ಎಂದು ಸಮವಾಗಿ ಸಾಕಿದರೆ ಮುಕ್ಕಾಲು ಮತ್ತು ಕಾಲು ಸೇರಿ ಸರಾಸರಿ ಅರ್ಧಕ್ಕೆ ಬರುತ್ತದೆ, ಅಂದರೆ ಸ್ವಂತ ಮಕ್ಕಳಿಗಿರುವಷ್ಟೇ.

ಎರಡನೆಯದು ಇನ್ನೂ ದೊಡ್ಡ ತೊಡಕು. ಜೇನಿನ ರಾಣಿ ಹಾರಾಟದಲ್ಲಿ ಒಂದು ಗಂಡಿನೊಂದಿಗಲ್ಲ, ಹತ್ತು ಅಥವಾ ಅದಕ್ಕೂ ಹೆಚ್ಚು ಗಂಡುಗಳೊಂದಿಗೆ ಕೂಡುತ್ತದೆ. ಹತ್ತು ತಂದೆಯರು ಸಮಪಾಲು ಹಂಚಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಯಾವುದೇ ನೊಣದ ಸುತ್ತ ಇರುವ ಹತ್ತು ಅಕ್ಕತಂಗಿಯರಲ್ಲಿ ಒಬ್ಬಳು ಒಡಹುಟ್ಟಿದವಳು, ಅವಳೊಂದಿಗೆ ಮುಕ್ಕಾಲು. ಉಳಿದ ಒಂಬತ್ತು ತಾಯಿ ಮಾತ್ರ ಒಂದೇ ಆದವರು, ಅವರೊಂದಿಗೆ ತಲಾ ಕಾಲು. ಎಲ್ಲವನ್ನೂ ಕೂಡಿ ಹತ್ತರಿಂದ ಭಾಗಿಸಿದರೆ 0.30 ಬರುತ್ತದೆ. ಸ್ವಂತ ಮಗುವಿನ 0.50ಕ್ಕಿಂತ ಇದು ಕಡಿಮೆ.

1964ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಬರೆದ ನಿಯಮ rb > c ಎಂಬುದು. ನೆರವಿನಿಂದ ನೆಂಟನಿಗೆ ಹೆಚ್ಚುವರಿಯಾಗಿ ಉಳಿಯುವ ಸಂತಾನವನ್ನು, ಅಂದರೆ b ಅನ್ನು, ನೆಂಟಸ್ತನದಿಂದ, ಅಂದರೆ r ನಿಂದ, ಗುಣಿಸಿದಾಗ ಬರುವ ಮೊತ್ತ, ನೆರವಾದವನು ಕಳೆದುಕೊಂಡ ಸಂತಾನಕ್ಕಿಂತ, ಅಂದರೆ c ಗಿಂತ, ಹೆಚ್ಚಿದ್ದರೆ ಆ ನಡತೆ ಉಳಿದು ಹರಡುತ್ತದೆ. ಮುಕ್ಕಾಲಿನ ವಾದ ಮೂರು ಅಕ್ಷರಗಳಲ್ಲಿ r ಒಂದನ್ನೇ ಹಿಡಿದುಕೊಂಡು ಉಳಿದ ಎರಡನ್ನು ಮರೆಯುತ್ತದೆ. ತಾರಸಿಯವರ ಪೆಟ್ಟಿಗೆಯಲ್ಲಿ r ಬದಲಾಗಿಲ್ಲ, b ಬದಲಾಗಿದೆ. ರಾಣಿ ಇಲ್ಲದ ಮೇಲೆ ಸಾಕಲು ತಂಗಿಯರೇ ಹುಟ್ಟುವುದಿಲ್ಲ. ಕುಟುಂಬ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಅಷ್ಟರೊಳಗೆ ಹಾರಿಹೋಗಬಲ್ಲ ನಾಲ್ಕು ಗಂಡುಮಕ್ಕಳೇ ಆ ನೊಣಗಳಿಗೆ ಉಳಿದಿರುವ ಏಕೈಕ ದಾರಿ.

ಬನಶಂಕರಿ ತಾರಸಿ

ಮೇಡಂ, ಅರ್ಧ ಸಮಾಧಾನವಾಯಿತು, ಇನ್ನರ್ಧ ಗೊಂದಲ ಹೆಚ್ಚಾಯಿತು. ತಂಗಿಯೊಂದಿಗೆ 0.30, ತಮ್ಮನೊಂದಿಗೆ 0.25, ಸ್ವಂತ ಮಗನೊಂದಿಗೆ 0.50 ಎಂದಾದರೆ, ರಾಣಿ ಇದ್ದಾಗಲೂ ಪ್ರತಿ ನೊಣ ತಂಗಿಯರನ್ನು ಸಾಕುತ್ತಲೇ ನಡುವೆ ಒಂದು ಗಂಡುಮೊಟ್ಟೆಯನ್ನು ಇಟ್ಟುಬಿಡಬೇಕಿತ್ತಲ್ಲವೇ? ಒಂದು ಮೊಟ್ಟೆ ಇಡುವುದರಿಂದ ಗೂಡಿನ ಕೆಲಸ ನಿಲ್ಲುವುದಿಲ್ಲ. ಮೂರು ವರ್ಷದಲ್ಲಿ ನಾನು ಅಂಥದ್ದನ್ನು ಒಮ್ಮೆಯೂ ಕಂಡಿಲ್ಲ.

ಹೆಬ್ಬಾಳದ ಕೀಟಶಾಸ್ತ್ರ

ನೀವು ಕಂಡಿಲ್ಲವೆಂದ ಮಾತ್ರಕ್ಕೆ ಇಡುವುದಿಲ್ಲವೆಂದಲ್ಲ. ಕೆಲವು ಇಡುತ್ತವೆ. ನೀವು ಮುಚ್ಚಳ ತೆಗೆಯುವ ಮೊದಲೇ ಉಳಿದ ನೊಣಗಳು ಅದನ್ನು ತಿಂದು ಮುಗಿಸಿರುತ್ತವೆ.

ಇದು ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವಾದ್ದರಿಂದ ಲೆಕ್ಕವನ್ನು ಪೂರ್ತಿ ಮಾಡಿಯೇ ತೋರಿಸುತ್ತೇನೆ. ಕೆಲಸಗಾರ ನೊಣವೊಂದು ಎರಿಯ ಮೇಲೆ ನಡೆಯುತ್ತಾ ಬೇರೊಬ್ಬ ಕೆಲಸಗಾರಳ ಗಂಡುಮೊಟ್ಟೆಯನ್ನು ಕಾಣುತ್ತದೆ ಎನ್ನಿ. ಅದನ್ನು ಉಳಿಸಿದರೆ ಆ ಕೋಶದಲ್ಲಿ ಬೆಳೆಯುವುದು ಅಕ್ಕನ ಮಗ. ತೆಗೆದುಹಾಕಿದರೆ ಅಲ್ಲಿ ರಾಣಿಯ ಮಗ, ಅಂದರೆ ತಮ್ಮ ಬೆಳೆಯಬಹುದು. ಒಡಹುಟ್ಟಿದ ಅಕ್ಕನ ಮಗನೊಂದಿಗೆ ನೆಂಟಸ್ತನ ಎಂಟರಲ್ಲಿ ಮೂರು, ತಂದೆ ಬೇರೆಯಾದ ಅಕ್ಕನ ಮಗನೊಂದಿಗೆ ಎಂಟರಲ್ಲಿ ಒಂದು. ರಾಣಿ ಒಂದೇ ಗಂಡಿನೊಂದಿಗೆ ಕೂಡಿದ್ದರೆ ಎಲ್ಲರೂ ಒಡಹುಟ್ಟಿದವರು, ಅಕ್ಕನ ಮಗ 0.375, ತಮ್ಮ 0.25, ಮೊಟ್ಟೆಯನ್ನು ಮುಟ್ಟದೆ ಬಿಡುವುದೇ ಲೇಸು. ಇಬ್ಬರು ತಂದೆಯರಾದರೆ ಅಕ್ಕಂದಿರ ಮಕ್ಕಳ ಸರಾಸರಿ ಸರಿಯಾಗಿ 0.25, ಎರಡೂ ಸಮ. ಹತ್ತು ತಂದೆಯರಾದರೆ ಅದು 0.15ಕ್ಕೆ ಇಳಿಯುತ್ತದೆ. ಆಗ ಪ್ರತಿ ನೊಣಕ್ಕೂ ಸ್ವಂತ ಮಗ ಎಲ್ಲರಿಗಿಂತ ಮೇಲು, ಆದರೆ ಪಕ್ಕದವಳ ಮಗನಿಗಿಂತ ರಾಣಿಯ ಮಗ ಮೇಲು. ಎಲ್ಲ ನೊಣಗಳೂ ಪರಸ್ಪರ ಕಾವಲು ಕಾಯುವ ಸ್ಥಿತಿ ಇದರಿಂದ ಹುಟ್ಟುತ್ತದೆ.

ರ್‍ಯಾಟ್‌ನೀಕ್ಸ್ ಎಂಬ ಜೀವವಿಜ್ಞಾನಿ 1988ರಲ್ಲಿ ಈ ಲೆಕ್ಕವನ್ನು ಮುಂದಿಟ್ಟರು. ಮರುವರ್ಷ ಅವರು ಮತ್ತು ವಿಷರ್ ಸೇರಿ ಯೂರೋಪಿನ ಜೇನಿನಲ್ಲಿ ಪರೀಕ್ಷಿಸಿದರು. ರಾಣಿ ಇಟ್ಟ ಗಂಡುಮೊಟ್ಟೆಗಳನ್ನೂ ಕೆಲಸಗಾರರು ಇಟ್ಟ ಗಂಡುಮೊಟ್ಟೆಗಳನ್ನೂ ರಾಣಿಯಿರುವ ಗೂಡಿನೊಳಗೆ ಇರಿಸಿದಾಗ, ಒಂದು ದಿನದೊಳಗೆ ಕೆಲಸಗಾರರ ಮೊಟ್ಟೆಗಳು ಹೆಚ್ಚುಕಡಿಮೆ ಎಲ್ಲವೂ ಮಾಯವಾದವು, ರಾಣಿಯವು ಬಹಳಷ್ಟು ಉಳಿದವು. ರಾಣಿಯಿರುವ ಗೂಡಿನಲ್ಲಿ ಸಾವಿರ ಗಂಡುನೊಣ ಬೆಳೆದರೆ ಅವುಗಳಲ್ಲಿ ಕೆಲಸಗಾರರ ಮಗ ಸುಮಾರು ಒಂದು ಮಾತ್ರ.

ಇಟ್ಟ ಮೊಟ್ಟೆ ಹೇಗೂ ಉಳಿಯುವುದಿಲ್ಲವೆಂದ ಮೇಲೆ ಅಂಡಾಶಯವನ್ನು ಬೆಳೆಸಿಕೊಳ್ಳಲು ಆಹಾರವನ್ನು ವೆಚ್ಚ ಮಾಡುವುದು ದಂಡ. ಇನ್ನೊಂದು ರೀತಿಯಲ್ಲಿ ಹೇಳಿದರೆ, ಮಗನನ್ನು ಬಿಟ್ಟುಕೊಟ್ಟಾಗ ಆಗುವ ನಷ್ಟ, ಅಂದರೆ c, ಸೊನ್ನೆಯ ಹತ್ತಿರಕ್ಕೆ ಬಂದಿರುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಈಗ ಈ ಕಾವಲು ಸಡಿಲವಾಗಿದೆ.

ಅಕ್ಕನ ತಮ್ಮ

ಈ ಚರ್ಚೆಯನ್ನು ಓದುತ್ತಾ ನನಗೆ ನನ್ನ ದೊಡ್ಡಕ್ಕನ ನೆನಪಾಯಿತು. ಅಪ್ಪ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು ವರ್ಷ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ದುಡಿದು ನಮ್ಮ ನಾಲ್ವರನ್ನು ಓದಿಸಿದಳು, ತಾನು ಮದುವೆಯಾಗಲಿಲ್ಲ. ಈ ನಿಯಮದ ಪ್ರಕಾರ ಅವಳು ಮಾಡಿದ್ದು ಲಾಭದ ಲೆಕ್ಕ ಎಂದಾಗುತ್ತದೆಯೇ? ಹಾಗಾದರೆ ನನಗೆ ಅದು ಒಪ್ಪಿಗೆಯಿಲ್ಲ. ನಾವು ಅವಳ ಸ್ವಂತ ತಮ್ಮಂದಿರಲ್ಲದೆ ಅಪ್ಪನ ಗೆಳೆಯನ ಮಕ್ಕಳಾಗಿದ್ದರೂ ಅವಳು ಕೈಬಿಡುತ್ತಿರಲಿಲ್ಲ.

ಹೆಬ್ಬಾಳದ ಕೀಟಶಾಸ್ತ್ರ

ನಿಮ್ಮ ಅಕ್ಕನ ಬಗ್ಗೆ ಈ ನಿಯಮ ಏನನ್ನೂ ಹೇಳುವುದಿಲ್ಲ. ಜೇನಿನ ವಿಷಯದಲ್ಲೂ ಅದು ನೊಣದ ಮನಸ್ಸಿನ ಮಾತಲ್ಲ. ತಲೆಮಾರುಗಳು ಕಳೆದಂತೆ ಯಾವ ವಂಶವಾಹಿಯ ಪ್ರತಿಗಳು ಹೆಚ್ಚಾದವು, ಯಾವುವು ಕಡಿಮೆಯಾದವು ಎಂಬ ಎಣಿಕೆ ಮಾತ್ರ. ಯಾವ ನೊಣವೂ ಭಾಗಾಕಾರ ಮಾಡುವುದಿಲ್ಲ. ನಿಮ್ಮ ಅಕ್ಕ ಯೋಚಿಸಿ, ಬೇರೆ ದಾರಿ ಇದೆಯೆಂದು ತಿಳಿದೂ ಒಂದನ್ನು ಆರಿಸಿಕೊಂಡರು. ಅದನ್ನು ನೀವು ನೆನೆದದ್ದು ನನಗೆ ಬಹಳ ಹಿಡಿಸಿತು.

ಮಲ್ಲೇಶ್ವರದ ಸಂದೇಹಿ

ನನಗೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ನೀವು ವಿವರಿಸಿದ್ದು ತ್ಯಾಗವಲ್ಲ, ಪೊಲೀಸ್ ವ್ಯವಸ್ಥೆ. ಮೊಟ್ಟೆ ತಿನ್ನುವ ಭಯದಿಂದಲೇ ಎಲ್ಲವೂ ನಡೆಯುವುದಾದರೆ ನೆಂಟಸ್ತನವನ್ನು ನಡುವೆ ತರುವ ಅಗತ್ಯವೇನು? ಅದಲ್ಲದೆ ಕೆಲಸಗಾರರ ಮೊಟ್ಟೆಗಳು ಹುಟ್ಟಿನಿಂದಲೇ ದುರ್ಬಲವಾಗಿದ್ದು, ನೊಣಗಳು ಕೇವಲ ಗೂಡು ಶುಚಿ ಮಾಡುತ್ತಿವೆ ಎಂಬ ವಾದವೂ ಇದೆ. ಎರಡನೆಯದು, 2010ರಲ್ಲಿ ನೋವಾಕ್, ಟಾರ್ನಿಟಾ ಮತ್ತು ವಿಲ್ಸನ್ ಅವರು ‘ನೇಚರ್’ ಪತ್ರಿಕೆಯಲ್ಲಿ ಬಂಧು ಆಯ್ಕೆಯ, ಅಂದರೆ ನೆಂಟಸ್ತನವನ್ನು ಆಧರಿಸಿದ ಈ ಲೆಕ್ಕವೇ ಅನಗತ್ಯ ಎಂದು ಬರೆದರು. ಇರುವೆಗಳ ವಿಷಯದಲ್ಲಿ ವಿಲ್ಸನ್ ಅವರಿಗಿಂತ ಹೆಚ್ಚು ಬಲ್ಲವರು ಯಾರಿದ್ದರು? ಗೆದ್ದಲಿನಲ್ಲಂತೂ ಗಂಡು ಹೆಣ್ಣು ಎರಡಕ್ಕೂ ತಂದೆ ತಾಯಿ ಇಬ್ಬರೂ ಇದ್ದಾರೆ, ಮುಕ್ಕಾಲಿನ ಮಾತೇ ಇಲ್ಲ, ಆದರೂ ಅಲ್ಲಿ ಕೆಲಸಗಾರರಿವೆ.

ಹೆಬ್ಬಾಳದ ಕೀಟಶಾಸ್ತ್ರ

ಗೆದ್ದಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮುಕ್ಕಾಲು ಇಡೀ ಕಥೆಯಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ದುರ್ಬಲ ಮೊಟ್ಟೆಯ ವಾದವನ್ನು ತಳ್ಳಿಹಾಕುವುದಿಲ್ಲ. ಗೂಡಿನ ನೊಣಗಳು ಈ ಎರಡು ಬಗೆಯ ಮೊಟ್ಟೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತವೆ ಎಂಬುದು ಖಚಿತವಾದರೂ, ಗುರುತು ಯಾವ ರಾಸಾಯನಿಕದ್ದು ಎಂಬ ಚರ್ಚೆ ಮುಗಿದಿಲ್ಲ.

ಆದರೆ ನೆಂಟಸ್ತನ ಬೇಡವೇ ಎಂಬ ಪ್ರಶ್ನೆಗೆ ಒಂದು ಚೆಂದದ ಉತ್ತರವಿದೆ. 2006ರಲ್ಲಿ ವೆನ್‌ಸೆಲೀರ್ಸ್ ಮತ್ತು ರ್‍ಯಾಟ್‌ನೀಕ್ಸ್ ಯೂರೋಪಿನ ಜೇನು ಮತ್ತು ಒಂಬತ್ತು ಜಾತಿಯ ಕಣಜಗಳನ್ನು ಹೋಲಿಸಿದರು. ರಾಣಿಯಿರುವ ಗೂಡುಗಳಲ್ಲಿ, ಕಾವಲು ಬಿಗಿಯಾದಷ್ಟೂ ಮೊಟ್ಟೆ ಇಡಲು ಹೊರಟ ಕೆಲಸಗಾರರು ಕಡಿಮೆ ಇದ್ದರು. ಇಲ್ಲಿಯವರೆಗೆ ಸಂದೇಹಿಯವರ ಮಾತೇ ನಿಜ. ಆದರೆ ರಾಣಿಯನ್ನು ಕಳೆದುಕೊಂಡ ಗೂಡುಗಳಲ್ಲಿ ಕಾವಲಿನ ಒತ್ತಡ ಹೋಗಿರುತ್ತದೆ. ಅಲ್ಲಿ ಯಾವ ಜಾತಿಯ ಅಕ್ಕತಂಗಿಯರ ನೆಂಟಸ್ತನ ಹೆಚ್ಚೋ ಆ ಜಾತಿಯಲ್ಲಿ ಹೆಚ್ಚು ಕೆಲಸಗಾರರು ಮೊಟ್ಟೆ ಇಡದೆ ಉಳಿದರು. ಭಯವೊಂದೇ ಕಾರಣವಾಗಿದ್ದರೆ ಭಯ ಹೋದಮೇಲೆ ನೆಂಟಸ್ತನದ ಗುರುತು ಅಲ್ಲಿ ಮೂಡಬಾರದಿತ್ತು.

2010ರ ಲೇಖನಕ್ಕೆ ಮರುವರ್ಷ ಅದೇ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ಜೀವವಿಜ್ಞಾನಿಗಳು ಸಹಿ ಹಾಕಿದ ಆಕ್ಷೇಪ ಬಂತು. ಸಹಿಗಳ ಸಂಖ್ಯೆಯಿಂದ ಸತ್ಯ ತೀರ್ಮಾನವಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಒಪ್ಪಿಸಿದ್ದು ಬೇರೆ ಅಧ್ಯಯನ. 2008ರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಇರುವೆ, ಜೇನು, ಕಣಜಗಳ ವಂಶವೃಕ್ಷದಲ್ಲಿ ಹಿಂದಕ್ಕೆ ಹೋಗಿ ನೋಡಿದಾಗ, ಕೆಲಸಗಾರರು ಮೊದಲು ಹುಟ್ಟಿಕೊಂಡ ಕಾಲದ ತಾಯಂದಿರು ಒಂದೇ ಗಂಡಿನೊಂದಿಗೆ ಕೂಡುತ್ತಿದ್ದವು ಎಂದು ಕಂಡಿತು. ಹಾಗಿದ್ದಾಗ ತಮ್ಮಂದಿರು ಮತ್ತು ತಂಗಿಯರ ಸರಾಸರಿ ಅರ್ಧ, ಸ್ವಂತ ಮಕ್ಕಳದ್ದೂ ಅರ್ಧ. ತಕ್ಕಡಿ ಸಮನಾಗಿ ನಿಂತಿರುವಾಗ ಅಮ್ಮನ ಗೂಡಿನಲ್ಲೇ ಉಳಿದು ಸಾಕುವುದು ಒಂದಿಷ್ಟು ಹೆಚ್ಚು ಫಲ ಕೊಟ್ಟರೂ ಸಾಕು, ಆ ಕಡೆಗೆ ವಾಲುತ್ತದೆ. ಹಲವು ಗಂಡುಗಳೊಂದಿಗೆ ಕೂಡುವುದು ಆಮೇಲೆ ಬಂದದ್ದು; ಅಷ್ಟರಲ್ಲಿ ಕೆಲಸಗಾರರು ಕೂಡುವ ಸಾಮರ್ಥ್ಯವನ್ನೇ ಕಳೆದುಕೊಂಡು ಹಿಂದಿರುಗುವ ದಾರಿ ಮುಚ್ಚಿತ್ತು.

ಮಲ್ಲೇಶ್ವರದ ಸಂದೇಹಿ

2006ರ ಹೋಲಿಕೆ ನನಗೆ ಗೊತ್ತಿರಲಿಲ್ಲ, ಅದು ಗಟ್ಟಿಯಾದ ಮಾತು. 2008ರದ್ದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಒಂದೇ ಗಂಡಿನೊಂದಿಗೆ ಕೂಡುವ ಕೀಟಗಳು ಲೆಕ್ಕವಿಲ್ಲದಷ್ಟಿವೆ, ಅವುಗಳಲ್ಲಿ ಕೆಲವೇ ಕೆಲವು ಗೂಡುಕಟ್ಟುವ ಸಮಾಜಗಳಾದವು. ಹಾಗಾಗಿ ಅದು ಬೇಕಾದ ಷರತ್ತು ಇರಬಹುದು, ಸಾಕಾದ ಕಾರಣವಲ್ಲ.

ಇರುವೆಸಾಲು

ಸಂದೇಹಿಯವರು ಕೇಳಿದ ‘ಸಾಕಾದ ಕಾರಣ’ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ರಾಘವೇಂದ್ರ ಗದಗ್‌ಕರ್ ಅವರು ರೊಪಾಲಿಡಿಯ ಮಾರ್ಜಿನೇಟ ಎಂಬ ಕಾಗದಗೂಡಿನ ಕಣಜವನ್ನು ದಶಕಗಳ ಕಾಲ ನೋಡಿದ್ದಾರೆ. ಕಿಟಕಿಯ ಮೂಲೆಯಲ್ಲಿ ಬೂದುಬಣ್ಣದ ಗೂಡು ಕಟ್ಟುವ ಆ ಕಣಜವನ್ನು ನೀವೆಲ್ಲ ಕಂಡಿರುತ್ತೀರಿ. ಅದರ ಕೆಲಸಗಾರರು ಬೇಕಾದರೆ ಬೇರೆ ಹೋಗಿ ಒಂಟಿಯಾಗಿ ಗೂಡು ಕಟ್ಟಿ ಮೊಟ್ಟೆ ಇಡಬಲ್ಲವು. ಅಕ್ಕತಂಗಿಯರ ನೆಂಟಸ್ತನವೂ ಮುಕ್ಕಾಲಿಗಿಂತ ಬಹಳ ಕಡಿಮೆ. ಆದರೂ ಹೆಚ್ಚಿನವು ಉಳಿದು ದುಡಿಯುತ್ತವೆ. 1990ರಲ್ಲಿ ಅವರು ಮುಂದಿಟ್ಟ ವಿವರಣೆ ಹೀಗಿದೆ: ಮೊಟ್ಟೆ ದೊಡ್ಡ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿ ತಾಯಿ ಐವತ್ತನೇ ದಿನ ಸತ್ತರೆ ಅವಳ ಅಷ್ಟೂ ದುಡಿಮೆ ಸೊನ್ನೆ. ಗುಂಪಿನಲ್ಲಿರುವ ಕೆಲಸಗಾರಳು ಹತ್ತನೇ ದಿನ ಸತ್ತರೂ ಆ ಹತ್ತು ದಿನ ಉಣಿಸಿದ ಹುಳುಗಳನ್ನು ಉಳಿದವರು ದಡ ಸೇರಿಸುತ್ತಾರೆ. ಇಲ್ಲಿ ತಕ್ಕಡಿಯನ್ನು ವಾಲಿಸುವುದು b ಮತ್ತು c.

ಮೇಡಂ ಅವರಿಗೆ ನನ್ನದೊಂದು ಪ್ರಶ್ನೆಯಿದೆ. ನಮ್ಮ ಅಂಗಳದಲ್ಲಿ ದಪ್ಪತಲೆಯ ಸೈನಿಕರಿರುವ ಫೀಡೋಲೆ ಇರುವೆಗಳಿವೆ. ಅವುಗಳ ಕೆಲಸಗಾರರಿಗೆ ಅಂಡಾಶಯವೇ ಇರುವುದಿಲ್ಲ. ಕದ್ದು ಇಡಲು ಮೊಟ್ಟೆಯೇ ಇಲ್ಲದ ಮೇಲೆ ಅಲ್ಲಿ ಕಾವಲಿನ ಮಾತು ಎಲ್ಲಿ ಬಂತು?

ಹೆಬ್ಬಾಳದ ಕೀಟಶಾಸ್ತ್ರ

ಬರುವುದಿಲ್ಲ. ನಮ್ಮ ಕಾಡುಗಳ ಜಿಗಿಯುವ ಇರುವೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ: ರಾಣಿ ಸತ್ತರೆ ಕೆಲಸಗಾರರೇ ವಾರಗಟ್ಟಲೆ ಮೀಸೆಗಳಿಂದ ಬಡಿದಾಡಿ, ಗೆದ್ದ ಕೆಲವು ಗಂಡಿನೊಂದಿಗೆ ಕೂಡಿ ಮೊಟ್ಟೆ ಇಡುತ್ತವೆ. ಒಂದು ತುದಿಯಲ್ಲಿ ಇದು, ಇನ್ನೊಂದು ತುದಿಯಲ್ಲಿ ನಿಮ್ಮ ಅಂಗಳದ ಇರುವೆ, ನಡುವೆ ತಾರಸಿಯವರ ಜೇನು. ಅಂಡಾಶಯವೇ ಅಳಿದ ಜಾತಿಗಳಲ್ಲಿ ಹಿಂದೆ ಕಾವಲು ಇತ್ತೇ, ಅದರಿಂದಲೇ ಅಂಡಾಶಯ ವ್ಯರ್ಥವಾಗಿ ಅಳಿಯಿತೇ ಎಂಬುದನ್ನು ಇಂದಿನ ಇರುವೆಯನ್ನು ನೋಡಿ ಹೇಳಲಾಗದು.

ಬನಶಂಕರಿ ತಾರಸಿ

ಒಂದು ಸುದ್ದಿ. ಗೆಳೆಯರೊಬ್ಬರ ತೋಟದ ಪೆಟ್ಟಿಗೆಯಿಂದ ಎಳೆ ಹುಳುಗಳಿರುವ ಒಂದು ಎರಿಯನ್ನು ತಂದು ನನ್ನ ಪೆಟ್ಟಿಗೆಯ ನಡುವೆ ಇಟ್ಟಿದ್ದೆ. ಇಂದು ಆರನೇ ದಿನ. ಆ ಎರಿಯ ಕೆಳಅಂಚಿನಲ್ಲಿ ಕಡಲೆಕಾಯಿಯ ಆಕಾರದ ಎರಡು ರಾಣಿಕೋಶಗಳು ಇಳಿಬಿದ್ದಿವೆ. ಪಕ್ಕದ ಹಳೆಯ ಎರಿಯಲ್ಲಿ ಗೋಡೆಗೆ ಅಂಟಿದ ಮೊಟ್ಟೆಗಳು ಇನ್ನೂ ಇವೆ, ಆದರೆ ಹೋದ ವಾರದಷ್ಟಿಲ್ಲ.

ಈಗ ಹೊಸ ತೊಡಕು. ಆ ಹುಳುಗಳು ಬೇರೆ ಗೂಡಿನವು. ನನ್ನ ನೊಣಗಳಿಗೆ ಅವು ತಂಗಿಯೂ ಅಲ್ಲ, ಅಕ್ಕನ ಮಗಳೂ ಅಲ್ಲ. r ಬಹುತೇಕ ಸೊನ್ನೆ. ಹಾಗಿದ್ದೂ ಹಗಲಿರುಳು ಅದೇ ಕೋಶಗಳ ಮೇಲೆ ಮುತ್ತಿಕೊಂಡು ಉಣಿಸುತ್ತಿವೆ. ನಿಯಮ ಇಲ್ಲಿ ಸೋತಿತೇ?

ಹೆಬ್ಬಾಳದ ಕೀಟಶಾಸ್ತ್ರ

ಸೋಲಲಿಲ್ಲ. ನೊಣದಲ್ಲಿರುವುದು ‘ತಂಗಿಯನ್ನು ಸಾಕು’ ಎಂಬ ನಡತೆಯಲ್ಲ, ‘ನನ್ನ ಎರಿಯ ಕೋಶದಲ್ಲಿರುವ ಹುಳುವನ್ನು ಸಾಕು’ ಎಂಬ ನಡತೆ. ಪೆಟ್ಟಿಗೆ ಇಟ್ಟು ಎರಿಯನ್ನು ಅದಲುಬದಲು ಮಾಡುವ ಮನುಷ್ಯ ಬರುವ ಮೊದಲು, ಮರದ ಪೊಟರೆಯೊಳಗಿನ ಎರಿಯಲ್ಲಿ ಬೇರೆ ಗೂಡಿನ ಹುಳು ಇರುವ ಪ್ರಸಂಗ ತುಡುವೆಗೆ ಬಂದದ್ದು ಬಹಳ ಅಪರೂಪವಿರಬೇಕು. ಹಾಗಾಗಿ ಆ ನಡತೆ ಲಕ್ಷಾಂತರ ವರ್ಷ ಹೆಚ್ಚಾಗಿ ತಂಗಿಯರಿಗೂ ತಮ್ಮಂದಿರಿಗೂ ಸಲ್ಲುತ್ತಾ ಬಂದಿದೆ, ಉಳಿದುಕೊಂಡಿದೆ. ಮೊಟ್ಟೆಗಳು ಕಡಿಮೆಯಾದದ್ದಕ್ಕೂ ಅದೇ ಹುಳುಗಳು ಕಾರಣವಿರಬಹುದು, ಎಳೆ ಹುಳುಗಳ ವಾಸನೆ ಕೆಲಸಗಾರರ ಅಂಡಾಶಯವನ್ನು ತಡೆಯುತ್ತದೆ.

ರಾಣಿಕೋಶಗಳು ಮುಚ್ಚಿದ ಮೇಲೆ ಒಂದು ವಾರ ಪೆಟ್ಟಿಗೆಯನ್ನು ತೆರೆಯಬೇಡಿ. ಹೊಸ ರಾಣಿ ಕೂಡಿ ಬಂದು ಮೊಟ್ಟೆ ಇಡಲು ಆರಂಭಿಸಿದ ದಿನ, ಗೋಡೆಗೆ ಅಂಟಿದ ಮೊಟ್ಟೆಗಳಿರುವ ಇಪ್ಪತ್ತು ಕೋಶಗಳನ್ನು ಫೋಟೊ ತೆಗೆದು ಗುರುತಿಟ್ಟುಕೊಳ್ಳಿ, ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಆ ರಾಣಿಯ ಮಗ ನಿಮ್ಮ ಈಗಿನ ನೊಣಗಳಿಗೆ ಏನೂ ಆಗಬೇಕಿಲ್ಲ, ಅಕ್ಕನ ಮಗನಾದರೋ 0.15. ಆದರೂ ಅವು ಯಾರ ಮೊಟ್ಟೆಯನ್ನು ತಿನ್ನುತ್ತವೆ ಎಂಬುದನ್ನು ತಿಳಿಯಲು ನನಗೂ ಆಸೆಯಿದೆ.

ಬನಶಂಕರಿ ತಾರಸಿ

ಆಗಲಿ ಮೇಡಂ. ಚೌಕಟ್ಟಿನ ಮೇಲುಪಟ್ಟಿಯಲ್ಲಿ ಕೆಂಪು ಬಣ್ಣದಿಂದ ಗುರುತು ಹಾಕಿದ್ದೇನೆ. ಹೊಸ ರಾಣಿ ಹಾರಿ ಮರಳಿ ಬಂದರೆ ಎರಡೂ ದಿನದ ಚಿತ್ರಗಳನ್ನು ಇಲ್ಲೇ ಹಾಕುತ್ತೇನೆ.